ಇಬ್ಬರು ಸಾಹೇಬರು, ಒಂದು ಟ್ಯಾಂಕರ್

ನೀರು ಸರಬರಾಜು ಇಲಾಖೆಯ ಟ್ಯಾಂಕರ್ ಚಾಲಕ ಮೀಸೆಯಣ್ಣನ ಮೀಸೆ ಎಷ್ಟು ದೊಡ್ಡದೆಂದರೆ, ಗಾಡಿಗಿಂತ ಮೊದಲು ಅದೇ ತಿರುವಿನಲ್ಲಿ ಹಾಜರಾಗುತ್ತಿತ್ತು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಒಂದು ಮೆಮೊ ಕೂಡ ತಿಂದವನಲ್ಲ. ಅಷ್ಟೂ ವರ್ಷ ಅವನಿಗೆ ಆಜ್ಞೆ ಬಂದದ್ದು ಒಂದೇ ಬಾಯಿಂದ, ತನ್ನ ಮೇಲ್ವಿಚಾರಕರಿಂದ. ಈಚೆಗೆ ಆ ಜಾಗದಲ್ಲಿ ಒಬ್ಬ ಮೇಡಂ ಇದ್ದರು. ಆರು ಚಾಲಕರಿಗೆ ಒಬ್ಬ ಮೇಲ್ವಿಚಾರಕರು, ಅವರ ಮೇಲೆ ಸಣ್ಣ ಸಾಹೇಬರು, ಅವರ ಮೇಲೆ ದೊಡ್ಡ ಸಾಹೇಬರು.

ಹೊಸದಾಗಿ ಬಂದ ದೊಡ್ಡ ಸಾಹೇಬರಿಗೆ ಕೆಲಸ ಬೇಗ ಆಗಬೇಕೆಂಬ ಆಸೆ. "ನಡುವೆ ಇಷ್ಟೊಂದು ಮೆಟ್ಟಿಲು ಯಾಕ್ರೀ? ಇಪ್ಪತ್ನಾಲ್ಕು ಚಾಲಕರೂ ನೇರ ನನ್ನ ಹತ್ರಾನೇ ಬರ್ಲಿ" ಎಂದರು. ನಾಲ್ವರು ಮೇಲ್ವಿಚಾರಕರು ರಿಜಿಸ್ಟರು ಬರೆಯಲು ಕೂತರು. ಸಾಹೇಬರ ಬಾಗಿಲ ಮುಂದೆ ಬೆಳೆದ ಸಾಲಿನ ಕೊನೆಯವನು ಒಳಗೆ ಹೋಗುವಷ್ಟರಲ್ಲಿ ಅಜ್ಜನಾಗಿರುತ್ತಿದ್ದ. ಪಾಪ, ಇಪ್ಪತ್ನಾಲ್ಕು ಜನರನ್ನು ಒಬ್ಬರೇ ಎಲ್ಲಿ ನೋಡಿಕೊಂಡಾರು? ಕೆಲಸ ನಿಲ್ಲಬಾರದೆಂದು ಸಣ್ಣ ಸಾಹೇಬರೂ ಆಜ್ಞೆ ಕೊಡತೊಡಗಿದರು.

ಒಂದು ಬೆಳಿಗ್ಗೆ ದೊಡ್ಡವರು "ಶಾಲೆಗೆ ಹೋಗು" ಎಂದರು. ಅರ್ಧ ದಾರಿಯಲ್ಲಿ ಸಣ್ಣವರ ಫೋನು: "ಆಸ್ಪತ್ರೆಗೆ ತಿರುಗಿಸು!" ತಿರುಗಿಸಿದ. ಮತ್ತೆ ದೊಡ್ಡವರು: "ಎಲ್ಲಯ್ಯಾ ನೀನು? ಶಾಲೆಗೆ ನಡಿ!" ಮತ್ತೆ ತಿರುಗಿಸಿದ. ನಡುವಿನ ವೃತ್ತವನ್ನು ಅವನು ಎಷ್ಟು ಸುತ್ತಿದನೆಂದರೆ, ಹೂ ಮಾರುವವಳು ತಲೆಸುತ್ತಿ ಕೂತುಬಿಟ್ಟಳು. ಮಧ್ಯಾಹ್ನದವರೆಗೆ ಎರಡು ಕಡೆಯೂ ನೀರಿಲ್ಲ. ಸಂಜೆ ಎರಡು ನೋಟಿಸು ಬಂದವು. ಆಜ್ಞೆ ಮೀರಿದ್ದೇಕೆ, ಅಮಾನತು ಮಾಡಬಾರದೇಕೆ, ಏಳು ದಿನದಲ್ಲಿ ಉತ್ತರಿಸಿ.

"ಇಷ್ಟು ವರ್ಷ ನನ್ನ ಒಂದು ಮಾತು ಕೇಳ್ಲಿಲ್ಲ, ಈಗ ಇಬ್ಬರ ಮಾತು ಕೇಳಿ ಕೆಲ್ಸಕ್ಕೇ ಕುತ್ತು ತಂದ್ಕೊಂಡ್ರಿ" ಎಂದು ಹೆಂಡತಿ ಕಣ್ಣೊರೆಸಿಕೊಂಡಳು.

ಮರುದಿನ ಅವನು ಮೇಡಂ ಮೇಜಿನ ಮುಂದೆ ನಿಂತ. ಅವರು ನೋಟಿಸು ಓದಿ, ಕನ್ನಡಕ ಸರಿಮಾಡಿಕೊಂಡು, ಯಾವ ಫೋನು ಎಷ್ಟು ಗಂಟೆಗೆ ಬಂತೆಂದು ಕೇಳಿ ಉತ್ತರದ ಕಾಗದದಲ್ಲಿ ಬರೆದರು. ಕೆಳಗೊಂದು ಚಿತ್ರ: ಟ್ಯಾಂಕರಿಗೆ ಒಂದು ಚೌಕ, ಅದಕ್ಕೆ ಮೇಲಿನಿಂದ ಇಳಿದ ಎರಡು ಗೆರೆ. ಪಕ್ಕದಲ್ಲಿ ದೊಡ್ಡ ಸಾಹೇಬರ ಚೌಕದಿಂದ ಕಾಲುಗಳಂತೆ ಹೊರಟ ಇಪ್ಪತ್ನಾಲ್ಕು ಗೆರೆ.

"ಮೇಡಂ, ಇದನ್ನ ನೇರ ಕೇಂದ್ರ ಕಚೇರಿಗೇ ಹಾಕ್ಬಿಡೋಣ್ವಾ?"

"ಬೇಡ ಕಣಣ್ಣ. ಸಣ್ಣ ಸಾಹೇಬರ ಮೂಲಕ ದೊಡ್ಡ ಸಾಹೇಬರಿಗೆ ಹೋಗ್ಲಿ. ಮೆಟ್ಟಿಲು ಬೇಕು ಅಂತ ವಾದಿಸೋ ನಾವೇ ಮೆಟ್ಟಿಲು ಹಾರಿದ್ರೆ ಹೇಗೆ?"

ಕೆಳಗೆ ತಾವೂ ಸಹಿ ಹಾಕಿದರು. ಹಾಕಬೇಕಾದ ಅಗತ್ಯವಿರಲಿಲ್ಲ. ಅದನ್ನು ಕಂಡು ಮೀಸೆಯಣ್ಣನ ಮೀಸೆ ಮೊದಲ ಬಾರಿಗೆ ನಡುಗಿತು.

ಆರನೆಯ ದಿನ ದೊಡ್ಡ ಸಾಹೇಬರು ಸಣ್ಣ ಸಾಹೇಬರು, ಮೇಡಂ, ಮೀಸೆಯಣ್ಣ ಮೂವರನ್ನೂ ಕರೆಸಿದರು. ಚಿತ್ರವನ್ನು ಬಹಳ ಹೊತ್ತು ನೋಡಿ, "ಈ ಜರಿ ಹುಳ ನಾನೇನ್ರೀ?" ಎಂದರು. ಆಮೇಲೆ ತಾವೇ ನಕ್ಕರು. "ತಪ್ಪು ಚಾಲಕಂದಲ್ಲ. ನಾವಿಬ್ರೂ ಒಬ್ಬನ ಎರಡು ಕಿವಿ ಹಿಡ್ಕೊಂಡು ಎಳೆದಿದೀವಿ."

ಎರಡೂ ನೋಟಿಸು ರದ್ದಾದವು. ಮೇಲ್ವಿಚಾರಕರು ತಂತಮ್ಮ ಆರಾರು ಚಾಲಕರ ಬಳಿಗೆ ಮರಳಿದರು. ಮೇಲಿನವರು ಯಾರೇ ಆಗಲಿ, ಹೇಳುವುದಿದ್ದರೆ ಮೇಲ್ವಿಚಾರಕರಿಗೇ ಹೇಳಬೇಕೆಂದು ಸುತ್ತೋಲೆ ಬಂತು.

ಮೊದಲ ದಿನ ಮೇಡಂ ಚೀಟಿ ಕೊಟ್ಟರು: ಮೊದಲು ಆಸ್ಪತ್ರೆ, ಆಮೇಲೆ ಶಾಲೆ. ಹೇಳಬೇಕೆಂದು ಮನೆಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತನ್ನು ಮೀಸೆಯಣ್ಣ ಶುರುಮಾಡಿದ.

"ಮೇಡಂ, ನಿಮ್ಮ ಉಪಕಾರ..."

"ಅದನ್ನ ನಾಳೆ ಹೇಳಿ. ವಾರ್ಡಿನಲ್ಲಿ ನಲ್ಲಿ ಒಣಗಿದೆ, ಹೊರಡಿ."

ಹೊರಟ. ಅಂದು ವೃತ್ತವನ್ನು ದಾಟುವಾಗ ಅವನು ಸುಮ್ಮನೆ ಒಂದು ಸಲ ಹಾರ್ನ್ ಹೊಡೆದ.