ಮೂರು ಪಾಲಿನ ಝರಾಕ್ಸ್ ಅಂಗಡಿ

ಎಂ.ಕಾಂ. ಮುಗಿಸಿ ಬಾಗೇವಾಡಿಗೆ ಮರಳಿದ ವರ್ಷ ನಾನು ಒಂದೇ ಪುಟದ ಒಂದು ಬರಹಕ್ಕೆ ಎಂಟು ದಿನ ತೆಗೆದುಕೊಂಡೆ. ತಹಶೀಲ್ದಾರ ಕಚೇರಿಯ ಎದುರಿನ ಸಣ್ಣ ಖೋಲಿಯಲ್ಲಿ ಝರಾಕ್ಸ್ ಅಂಗಡಿ ಹಾಕೋಣ, ಒಟ್ಟು ಅರವತ್ತು ಸಾವಿರ ಬೇಕು, ತಲಾ ಇಪ್ಪತ್ತು ಸಾವಿರದಂತೆ ಮೂರು ಪಾಲು, ಒಂದು ನನ್ನದು, ಉಳಿದೆರಡನ್ನು ನೀವು ತೆಗೆದುಕೊಳ್ಳಿ ಎಂದು ಇಬ್ಬರು ಗೆಳತಿಯರಿಗೆ ಬರೆದದ್ದು. ಖೋಲಿಯ ಮಾಲೀಕರು ಸೋಮವಾರದೊಳಗೆ ಡಿಪಾಜಿಟ್ ಕೇಳಿದ್ದರು. ಇಲ್ಲದಿದ್ದರೆ ಚಪ್ಪಲಿ ಅಂಗಡಿಯವನಿಗೆ ಕೊಡುವವರಿದ್ದರು.

ಲೆಕ್ಕ ಊಹೆಯದಲ್ಲ. ಬಸ್ಸಿಗೆ ಕಾಯುವವಳಂತೆ ನಾಲ್ಕು ದಿನ ಕಚೇರಿಯೆದುರು ನಿಂತು, ಊರಿನ ಹಳೆಯ ಝರಾಕ್ಸ್ ಅಂಗಡಿಗೆ ಹೊಲದ ಉತಾರದ, ಅಂದರೆ ಪಹಣಿಯ, ಪ್ರತಿ ತೆಗೆಸಲು ಹೋಗುವ ರೈತರನ್ನು ಎಣಿಸಿದ್ದೆ. ನಾಲ್ಕನೆಯ ದಿನ ಕಂಡಕ್ಟರೊಬ್ಬ, 'ಯಾವ ಊರಿಗೆ ಹೋಗ್ಬೇಕಂತ ಇನ್ನೂ ನಿರ್ಧಾರ ಆಗಿಲ್ಲೇನ್ರಿ?' ಎಂದು ಕೇಳಿದ.

ಪ್ರತಿಗೆ ಒಂದು ರೂಪಾಯಿ. ಕಾಗದ, ಟೋನರ್ ಕಳೆದರೆ ಅರವತ್ತು ಪೈಸೆ ಉಳಿಯುತ್ತದೆ. ಬಾಡಿಗೆ, ಕರೆಂಟು, ಯಂತ್ರದ ರಿಪೇರಿಗೆ ಎತ್ತಿಡುವುದು, ಅಂಗಡಿಯಲ್ಲಿ ಕೂಡುವವಳ (ಅಂದರೆ ನನ್ನ) ಐನೂರು ರೂಪಾಯಿ ಸಂಬಳ, ಎಲ್ಲ ಸೇರಿ ತಿಂಗಳಿಗೆ ಎರಡು ಸಾವಿರದ ನಾಲ್ಕುನೂರು. ತಿಂಗಳಿಗೆ ಇಪ್ಪತ್ತೈದು ದಿನ, ದಿನಕ್ಕೆ ಮುನ್ನೂರು ಪ್ರತಿಯಾದರೆ ಪಾಲಿಗೆ ಏಳುನೂರು, ಇನ್ನೂರಾದರೆ ಇನ್ನೂರು, ನೂರಾ ಅರವತ್ತಾದರೆ ಸೊನ್ನೆ. ಅದಕ್ಕಿಂತ ಕಡಿಮೆಯಾದರೆ ನಾವೇ ಕೈಯಿಂದ ತುಂಬಬೇಕು.

ಕೆಳಗೆ ಅಪಾಯಗಳು. ಒಂದು, ಕರೆಂಟು ಹೋಗುತ್ತದೆ. ಎರಡು, ಯಂತ್ರ ಸೆಕೆಂಡ್ ಹ್ಯಾಂಡ್. ಐದು ವರ್ಷಕ್ಕೆ ಗುಜರಿ. ಮೂರು, ಪಾಲುದಾರಳು ಮದುವೆಯಾಗಿ ಬೇರೆ ಊರಿಗೆ ಹೋಗಬಹುದು; ಆಗ ಅವಳ ಹಣವನ್ನು ಒಮ್ಮೆಲೇ ಕೊಡಲಾಗದು, ಆರು ಕಂತುಗಳಲ್ಲಿ ಮರಳಿಸಲಾಗುವುದು.

ಶುಭಕಾರ್ಯವೆಂದು ನಮ್ಮವ್ವ ನನಗೆ ಹೇಳದೆ ಹಾಳೆಯ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ದಳು. ಭಾನುವಾರ ಬೇಳೆ ವ್ಯಾಪಾರಿಯ ಮಗಳಾದ ಗೆಳತಿಯ ಮನೆಯಲ್ಲಿ ಅದನ್ನು ಕೊಟ್ಟೆ. ಇನ್ನೊಬ್ಬ ಗೆಳತಿ, ಮಾಸ್ತರರ ಮಗಳು, ತಾಯಿಯೊಂದಿಗೆ ಬಂದಿದ್ದಳು. ಮೊದಲ ಗೆಳತಿಯ ಅಜ್ಜಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಅವರು ಅರಿಶಿನ ನೋಡಿ ನನ್ನ ತಲೆಯ ಮೇಲೆ ಕೈಯಿಟ್ಟರು.

'ಚಲೋ ಆತ್ ತಂಗಿ. ಹುಡುಗಾ ಏನ್ ಮಾಡ್ತಾನ?'

'ಆಯಿ, ಇದು ಲಗ್ನಪತ್ರಿಕಿ ಅಲ್ಲ. ಅಂಗಡೀದು.'

'ಹುಡುಗಂದು ಅಂಗಡಿ ಐತಿ?'

ಬೇಳೆ ವ್ಯಾಪಾರಿಯ ಮಗಳು ಗಟ್ಟಿಯಾಗಿ ಓದತೊಡಗಿದಳು. ಲಾಭದ ತನಕ ಎಲ್ಲರೂ ತಲೆದೂಗಿದರು. ಮೂರನೆಯ ಅಪಾಯಕ್ಕೆ ಅವಳ ತಾಯಿ ಚಹಾದ ಬಸಿ ಕೆಳಗಿಟ್ಟರು.

'ನನ್ನ ಮಗಳ ಲಗ್ನ ಲುಕ್ಸಾನದಾಗ ಬರದೀಯಲ್ಲವಾ?'

'ಅಂಗಡಿಗೆ ಲುಕ್ಸಾನ್ರಿ. ಆಕಿಗಲ್ಲ.'

ಅದನ್ನು ತೆಗೆದರೆ ಮಾತ್ರ ದುಡ್ಡು ಎಂದರು ಅವರು. ನಾನು ತೆಗೆಯಲು ಪೆನ್ನು ಎತ್ತಿದ್ದೇ ತಡ ಮಾಸ್ತರರ ಹೆಂಡತಿ, 'ತಗದ್ರ ನಮ್ಮ ಹುಡಿಗೀದ ಲಗ್ನಾ ಆಗೂದೇ ಇಲ್ಲಂದಂಗ ಆತಲ್ಲ. ಇರ್ಲಿ ಅದು' ಎಂದರು. ನನಗೆ ಎರಡೂ ವಾದ ಸರಿಯೆನಿಸಿದವು. ಇಪ್ಪತ್ತು ನಿಮಿಷವಾದರೂ ಪೆನ್ನು ಕಾಗದ ಮುಟ್ಟಲಿಲ್ಲ. ಗೆಳತಿಯರಿಬ್ಬರೂ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಸಂಜೆಯಾಗುತ್ತಿತ್ತು, ನನ್ನ ಖೋಲಿಯಲ್ಲಿ ಸಾಲಾಗಿ ಚಪ್ಪಲಿಗಳು ತೂಗುತ್ತಿರುವುದು ಕಣ್ಣಿಗೆ ಕಟ್ಟಿತು.

ಆಯಿ ಎಲೆ ಅಡಿಕೆಯ ಚಂಚಿ ಮುಚ್ಚಿದರು. 'ನನ್ನ ಹೆಸರ್ಲೆ ಬರಿ. ಪೋಸ್ಟಿನ್ಯಾಗ ನನ್ನ ರೊಕ್ಕಾ ಐತಿ. ನನ್ನ ಲಗ್ನಾ ಆಗಿ ಐವತ್ತು ವರ್ಷಾತು. ಎಲ್ಲೂ ಹೋಗೂದಿಲ್ಲ.'

ಹಾಗಾದರೆ ನಾನೂ ನನ್ನ ಹೆಸರಲ್ಲೇ ತೆಗೆದುಕೊಳ್ಳುತ್ತೇನೆ ಎಂದರು ಮಾಸ್ತರರ ಹೆಂಡತಿ. ಮೂರನೆಯ ಅಪಾಯ ನನಗೊಬ್ಬಳಿಗೇ ಉಳಿಯಿತು. ಅದಕ್ಕೆ ಯಾರ ಅಭ್ಯಂತರವೂ ಇರಲಿಲ್ಲ.

ನಾನು ಬರೆಯಲು ಹಿಂಜರಿದೆ. ಪಾಲುದಾರರು ತೀರಿಕೊಂಡರೆ ಏನೆಂದು ಪತ್ರದಲ್ಲಿ ಮೊದಲೇ ಬರೆಯದಿದ್ದರೆ ಪಾಲುದಾರಿಕೆಯೇ ಮುರಿಯುತ್ತದೆ. ಎಪ್ಪತ್ತು ದಾಟಿದವರೆದುರು ಅದನ್ನು ಹೇಳುವ ಬಗೆ ನಮಗೆ ಎಂ.ಕಾಂ.ನ ಯಾವ ಪೇಪರಿನಲ್ಲೂ ಇರಲಿಲ್ಲ.

'ಆಯಿ, ಇನ್ನೊಂದು ಅಪಾಯ ಬರೀಬೇಕಾಗ್ತೈತಿ.'

'ನಾ ಸಾಯೂದೇನು? ಬರಿ. ನನ್ನ ಪಾಲು ಮೊಮ್ಮಗಳಿಗಿ, ಅಂಗಡಿ ಹಂಗ ನಡೀಲಿ ಅಂತ ಬರಿ. ಅಕ್ಷರಾ ದೊಡ್ಡೂವು ತಗಿ, ಸೊಸಿಗಿ ಕಾಣ್ಲಿ.'

ಸೋಮವಾರ ನನ್ನ ಪಾಲಿನ ಹಣದಿಂದಲೇ ಡಿಪಾಜಿಟ್ ಕೊಟ್ಟೆ. ಅವರಿಬ್ಬರ ಹಣವೂ ಆ ವಾರವೇ ಬಂತು. ಪತ್ರಕ್ಕೆ ಸಹಿಯಾಯಿತು, ಆಯಿ ಹೆಬ್ಬೆಟ್ಟು ಒತ್ತಿದರು. ಅಂಗಡಿ ತೆರೆದ ಮೂರನೆಯ ದಿನಕ್ಕೆ ನಾನು ಬರೆಯದೇ ಬಿಟ್ಟ ಅಪಾಯ ಗೊತ್ತಾಯಿತು. ಮಾಲಕಿಯೆಂದು ಆಯಿ ದಿನವೂ ಬಂದು ಯಂತ್ರದ ಪಕ್ಕ ಕೂಡುತ್ತಿದ್ದರು. ಉತಾರ ಹಿಡಿದು ಬಂದವರನ್ನೆಲ್ಲ ವಿಚಾರಿಸುತ್ತಿದ್ದರು.

'ಯಾಕ ಬೇಕಾಗೇತಿ ಇದು?'

'ತಮ್ಮನ ಕೂಡ ಪಾಲಾಗಾಕತ್ತೇವ್ರಿ ಅಮ್ಮಾ.'

'ಮೊದ್ಲ ಮನಿಗಿ ಹೋಗಿ ತಮ್ಮನ ಕೂಡ ಒಂದ್ ಹೊತ್ತು ಊಟಾ ಮಾಡ. ಆಮ್ಯಾಲ ಬಾ.'

ಅವನು ನಿಜವಾಗಿಯೂ ಹೊರಟುಹೋದ. ಆ ದಿನ ನೂರಾ ಐವತ್ತೊಂಬತ್ತು ಪ್ರತಿಗಳಾದವು.