ಒಂದೇ ಮನೆಯ ಎರಡು ಬಾಯಿ

ಒಂದು ಭಾನುವಾರ ಬೆಳಿಗ್ಗೆ ತುಮಕೂರಿನ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಗುಬ್ಬಿ ಕಡೆಯ ಅಜ್ಜಿಯೊಬ್ಬರು ಇಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದರು. ದೊಡ್ಡವಳು ಮಗನ ಮಗಳು, ತುಮಕೂರಿನಲ್ಲೇ ಪಾಲಿಟೆಕ್ನಿಕ್ ಓದುತ್ತಿದ್ದ ಹದಿನೆಂಟರ ಹುಡುಗಿ. ಚಿಕ್ಕವಳು ಕುಣಿಗಲ್ಲಿಗೆ ಕೊಟ್ಟ ಮಗಳ ಮಗಳು, ಇನ್ನೂ ಹನ್ನೊಂದು ವರ್ಷ. ಇಬ್ಬರ ಹಲ್ಲೂ ಒಂದರ ಮೇಲೊಂದು ಹತ್ತಿಕೊಂಡಿದ್ದವು. ದೊಡ್ಡವಳು ಮಾತಾಡುವಾಗ ಅಂಗೈ ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಚಿಕ್ಕವಳಿಗೆ ಅಂಥ ಯೋಚನೆಯೇ ಇರಲಿಲ್ಲ. ಕೋರೆಹಲ್ಲು ವಸಡಿನ ಮೇಲ್ಗಡೆಯಿಂದ ಇಣುಕುತ್ತಿದ್ದರೂ ಬಾಯಿ ತುಂಬ ನಗುತ್ತಿದ್ದಳು.

ಅಚ್ಚು ತೆಗೆದೆ, ಫೋಟೊ ತೆಗೆದೆ, ತಲೆಯನ್ನು ಪಕ್ಕದಿಂದ ತೋರಿಸುವ ಎಕ್ಸ್‌ರೇ ಮಾಡಿಸಿದೆ. ಮುಂದಿನ ವಾರ ಬಂದಾಗ ನನ್ನ ತೀರ್ಮಾನ ಹೇಳಿದೆ. ದೊಡ್ಡವಳಿಗೆ ಕೋರೆಹಲ್ಲುಗಳ ಹಿಂದಿನ ನಾಲ್ಕು ಹಲ್ಲು, ಮೇಲೆರಡು ಕೆಳಗೆರಡು, ಕೀಳಿಸಿ ಕ್ಲಿಪ್ ಹಾಕಬೇಕು. ಚಿಕ್ಕವಳಿಗೆ ಒಂದೂ ಕೀಳಿಸಬಾರದು.

ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. "ಇದೇನ್ ನ್ಯಾಯ ಡಾಕ್ಟ್ರಮ್ಮ? ಈ ಚಿಕ್ಕೋಳ್ದೇ ಕಣ್ಣಿಗೆ ಜಾಸ್ತಿ ಸೊಟ್ಟ ಕಾಣ್ಸುತ್ತೆ. ಅವ್ಳಿಗೆ ಬ್ಯಾಡ, ಇವ್ಳಿಗೆ ಗಟ್ಟಿಮುಟ್ಟಾಗಿರೋ ನಾಲ್ಕ್ ಹಲ್ ಕೀಳ್ಬೇಕಾ? ಇನ್ನೊಂದ್ ಕಡೆ ಕೀಳ್ದೇನೇ ಮಾಡ್ಕೊಡ್ತೀವಿ ಅಂದವ್ರೆ."

ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಕೀಳದೆ ಮಾಡುವುದು ಎಷ್ಟೋ ಜನಕ್ಕೆ ಸರಿಯಾದ ದಾರಿಯೇ. ನಾನೂ ಮಾಡುತ್ತೇನೆ. ಆದರೆ ಹಲ್ಲು ಎಷ್ಟು ಸೊಟ್ಟ ಎಂದಷ್ಟೇ ನೋಡಿ ತೀರ್ಮಾನಿಸುವ ಕೆಲಸ ಇದಲ್ಲ. ಜಾಗ ಎಷ್ಟು ಕಡಿಮೆ ಇದೆ, ಮುಂದಿನ ಹಲ್ಲುಗಳು ಆಗಲೇ ಎಷ್ಟು ಮುಂದಕ್ಕೆ ವಾಲಿವೆ, ತುಟಿ ಹೇಗಿದೆ, ವಸಡು ದಪ್ಪವೋ ತೆಳುವೋ, ಬೆಳವಣಿಗೆ ಇನ್ನೂ ಉಳಿದಿದೆಯೋ ಎಲ್ಲ ನೋಡಬೇಕು. ಇಷ್ಟನ್ನೂ ಹೇಳಿದೆ. ಅಜ್ಜಿ ತಲೆ ಆಡಿಸಿದರು, ಒಪ್ಪಲಿಲ್ಲ. ದೊಡ್ಡವಳ ಕಣ್ಣು ತುಂಬಿತ್ತು. ಅವಸರವೇನಿಲ್ಲ, ಯೋಚಿಸಿ ಬನ್ನಿ ಎಂದು ಕಳಿಸಿದೆ. ಇನ್ನು ಬರಲಾರರು ಎಂದೇ ಅಂದುಕೊಂಡಿದ್ದೆ.

ಎರಡು ದಿನ ಬಿಟ್ಟು ದೊಡ್ಡವಳು ಒಬ್ಬಳೇ ಬಂದಳು. ಕಾಲೇಜಿನ ಬ್ಯಾಗಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದು ಮೇಜಿನ ಮೇಲಿಟ್ಟಳು. ಅವಳು ಓದುತ್ತಿದ್ದದ್ದು ಮೆಕ್ಯಾನಿಕಲ್ ಎಂದು ಆಗ ಗೊತ್ತಾಯಿತು.

"ಮೇಡಂ, ನನ್ ಹಲ್ಲಿನ್ ಅಚ್ಚು ಇದ್ಯಲ್ಲ, ಅದನ್ನ ನಾನೇ ಅಳತೆ ಮಾಡ್ಬೋದಾ?"

ಇಷ್ಟು ವರ್ಷದಲ್ಲಿ ಯಾವ ಪೇಶೆಂಟೂ ಹಾಗೆ ಕೇಳಿರಲಿಲ್ಲ. ಪ್ಲಾಸ್ಟರ್ ಅಚ್ಚನ್ನು ಅವಳ ಮುಂದಿಟ್ಟೆ. ಕೆಳದವಡೆಯ ಒಂದೊಂದು ಹಲ್ಲಿನ ಅಗಲವನ್ನೂ ಹೇಗೆ ಅಳೆಯಬೇಕೆಂದು ತೋರಿಸಿದೆ. ಆಮೇಲೆ ಸಣ್ಣ ಹಿತ್ತಾಳೆ ತಂತಿಯನ್ನು ಒಂದು ಕಡೆಯ ದವಡೆಹಲ್ಲಿನ ಮುಂಭಾಗದಿಂದ ಇನ್ನೊಂದು ಕಡೆಗೆ ಕಮಾನಿನ ಹಾಗೆ ಬಗ್ಗಿಸಿ ಕೂರಿಸಿದೆ. ತಂತಿಯ ಉದ್ದವೆಂದರೆ ಇರುವ ಜಾಗ. ಅಗಲಗಳ ಮೊತ್ತವೆಂದರೆ ಬೇಕಾದ ಜಾಗ. ಅವಳು ತುಟಿ ಕಚ್ಚಿಕೊಂಡು ಒಂದೊಂದನ್ನೂ ಎರಡೆರಡು ಸಲ ಅಳೆದಳು. ಅವಳಿಗೆ ಸಿಕ್ಕ ಕೊರತೆ ಒಂಬತ್ತು ಮಿಲಿಮೀಟರ್. ನಾನು ಅಳೆದಾಗ ಸಿಕ್ಕಿದ್ದೂ ಅಷ್ಟೇ.

"ಹಲ್ಲಿನ್ ಪಕ್ಕಪಕ್ಕದಲ್ಲಿ ಸ್ವಲ್ಪ ಉಜ್ಜಿ ಸವೆಸಿದ್ರೆ ಜಾಗ ಸಿಗಲ್ವಾ?"

"ಸಿಗುತ್ತಮ್ಮ. ಎರಡು ಮೂರು ಮಿಲಿಮೀಟರ್ ಕಡಿಮೆ ಇದ್ರೆ ಹಾಗೇ ಮಾಡ್ತೀನಿ. ಒಂಬತ್ತಕ್ಕೆ ಸಾಲಲ್ಲ."

"ಮತ್ತೆ ಕೀಳ್ದೇ ಮಾಡ್ತೀವಿ ಅಂದವ್ರು ಎಲ್ಲಿಂದ ಜಾಗ ತರ್ತಾರೆ?"

ಅವಳ ಎಕ್ಸ್‌ರೇಯನ್ನು ಪರದೆಯ ಮೇಲೆ ಹಾಕಿದೆ. ಮೇಲೂ ಕೆಳಗೂ ಮುಂದಿನ ಹಲ್ಲುಗಳು ಆಗಲೇ ಹೊರಗೆ ವಾಲಿದ್ದವು. ಕೀಳದೆ ಸಾಲಾಗಿ ನಿಲ್ಲಿಸಿದರೆ ಅವು ಇನ್ನೂ ಹೊರಕ್ಕೆ ಹೋಗುತ್ತವೆ. ಕೆಳಗಿನ ಹಲ್ಲುಗಳ ಮುಂದಿನ ವಸಡು ಅವಳಿಗೆ ತೀರ ತೆಳು, ಅದು ಕೆಳಗೆ ಜರಿಯುವ ಭಯವಿತ್ತು. "ಸಾಲು ನೆಟ್ಟಗಾಗುತ್ತೆ, ಸುಳ್ಳಲ್ಲ. ಆದ್ರೆ ಬಾಯಿ ಇನ್ನೂ ಮುಂದೆ ಬರುತ್ತೆ. ಈಗ ಸುಮ್ನೆ ಕೂತಾಗ ತುಟಿ ಮುಚ್ಚು ನೋಡೋಣ" ಎಂದೆ.

ಕನ್ನಡಿ ಹಿಡಿದುಕೊಂಡು ಮುಚ್ಚಿದಳು. ಗದ್ದದ ಚರ್ಮ ಬಿಗಿದು ಗುಳಿಗುಳಿಯಾಯಿತು. ಅವಳೇ ಅದನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು.

ಅಚ್ಚನ್ನು ಮತ್ತೆ ಕೈಗೆತ್ತಿಕೊಂಡು ಇನ್ನೊಂದು ಪ್ರಶ್ನೆ ಹಾಕಿದಳು. "ಕೋರೆಹಲ್ಲಿನ್ ಹಿಂದಿಂದು ಒಂದೊಂದೂ ಏಳು ಮಿಲಿಮೀಟರ್ ಇದೆ. ಕೆಳಗೆ ಎರಡು ತೆಗೆದ್ರೆ ಹದಿನಾಲ್ಕು. ನಂಗ್ ಬೇಕಾಗಿರೋದು ಒಂಬತ್ತು. ಮಿಕ್ಕ ಐದು ಏನಾಗುತ್ತೆ ಮೇಡಂ?"

ನನಗೆ ಖುಷಿಯಾಯಿತು. ನಮ್ಮ ಕೋರ್ಸ್ ಮುಗಿಸಿದವರೂ ಎಷ್ಟೋ ಸಲ ಕೇಳಿಕೊಳ್ಳದ ಪ್ರಶ್ನೆ ಅದು. ಮಿಕ್ಕ ಜಾಗದಲ್ಲಿ ಮುಂದಿನ ಹಲ್ಲುಗಳನ್ನು ಹಿಂದಕ್ಕೆ ತಂದರೆ ತುಟಿ ಆರಾಮಾಗಿ ಮುಚ್ಚುತ್ತದೆ, ಸ್ವಲ್ಪ ಭಾಗವನ್ನು ಹಿಂದಿನ ದವಡೆಹಲ್ಲುಗಳು ಮುಂದೆ ಬಂದು ತುಂಬುತ್ತವೆ, ಯಾವುದು ಎಷ್ಟು ಜರುಗಬೇಕು ಎನ್ನುವುದನ್ನು ಮೊದಲೇ ಗೊತ್ತುಮಾಡಿ ಹಿಡಿದಿಟ್ಟುಕೊಳ್ಳುವುದೇ ನನ್ನ ಕೆಲಸ ಎಂದೆ. ಹಾಗೆ ಹಿಡಿಯದಿದ್ದರೆ ಕಿತ್ತ ಜಾಗ ಎಲ್ಲೋ ಪೋಲಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅವಳು ಕೇಳಿದ್ದಕ್ಕೆ ಚಿಕ್ಕವಳಿಗೆ ಏಕೆ ಕೀಳಬೇಕಿಲ್ಲ ಎಂದೂ ವಿವರಿಸಿದೆ.

"ಸರಿ. ನಮ್ಮಜ್ಜಿಗೆ ನಾನೇ ಹೇಳ್ತೀನಿ" ಎಂದು ಅಚ್ಚನ್ನು ಕೇಳಿ ಒಯ್ದಳು.

ಮರುವಾರ ಎಲ್ಲರೂ ಬಂದರು. ನಾನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಚಿಕ್ಕವಳ ಅಚ್ಚನ್ನೂ ಪಕ್ಕದಲ್ಲಿಡಿಸಿಕೊಂಡು ದೊಡ್ಡವಳೇ ಶುರುಮಾಡಿದಳು. "ನೋಡಜ್ಜಿ, ಇವ್ಳಿಗೆ ಹಿಂದೆ ಹಾಲುಹಲ್ಲು ಇನ್ನೂ ಇವೆ. ಅವು ಅಗಲ. ಅವು ಬಿದ್ಮೇಲೆ ಬರೋವು ಸಣ್ಣವು. ಆ ಜಾಗ ಮಿಗುತ್ತೆ. ನಂಗೆ ಹಾಲುಹಲ್ಲೆಲ್ಲಾ ಬಿದ್ದು ಯಾವ ಕಾಲ ಆಯ್ತು!"

ಅವಳು ಹೇಳಿದ್ದು ಸರಿಯಾಗಿತ್ತು. ಚಿಕ್ಕವಳಿಗೆ ಕೆಳಗೆ ಕೊರತೆಯಿದ್ದದ್ದು ನಾಲ್ಕು ಮಿಲಿಮೀಟರಷ್ಟೇ. ದವಡೆಹಲ್ಲುಗಳು ಮುಂದೆ ಜರುಗದಂತೆ ಒಳಗೊಂದು ತಂತಿ ಕೂರಿಸಿದರೆ ಹಾಲುಹಲ್ಲಿನ ಜಾಗವೇ ಸಾಕು. ಮೇಲ್ದವಡೆ ಇಕ್ಕಟ್ಟಾಗಿ, ಪಕ್ಕದ ಹಲ್ಲುಗಳು ಕೆಳಗಿನವುಗಳ ಒಳಗೆ ಕೂರುತ್ತಿದ್ದವು. ಅವಳ ವಯಸ್ಸಿಗೆ ಅದನ್ನು ಅಗಲ ಮಾಡಬಹುದಿತ್ತು, ಅದರಿಂದ ಕೋರೆಹಲ್ಲಿಗೂ ಎಡೆ ಸಿಗುತ್ತಿತ್ತು. ತುಟಿಗಳಂತೂ ಮೊದಲೇ ಒಳಗಿದ್ದವು. ಕೀಳಿಸಿ ಹಿಂದೆ ತಳ್ಳಿದ್ದರೆ ಮುಖ ಇನ್ನೂ ಒಳಸರಿದಂತೆ ಕಾಣುತ್ತಿತ್ತು.

ಅಜ್ಜಿ ಎರಡೂ ಅಚ್ಚುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ನೋವಾದ್ರೆ ನನ್ನ ಬೈಬ್ಯಾಡ ಕಣೇ" ಎಂದರು. ಅದೇ ಒಪ್ಪಿಗೆ.

ಬಾಯಿಯ ಸರ್ಜನ್ ಎರಡು ಸಲಕ್ಕೆ ನಾಲ್ಕೂ ತೆಗೆದರು. ಮೊದಲ ಕೆಲವು ತಿಂಗಳು ಆ ಸಂದುಗಳನ್ನು ನೋಡಿ ಹುಡುಗಿಗೆ ಅಧೈರ್ಯವಾಗಿತ್ತು. ಒಮ್ಮೆ ಕುರ್ಚಿಯಲ್ಲೇ ಅತ್ತಳು. ಆದರೂ ಒಂದು ಅಪಾಯಿಂಟ್‌ಮೆಂಟೂ ತಪ್ಪಿಸಲಿಲ್ಲ. ಪ್ರತಿ ಸಲ ಸಂದು ಎಷ್ಟು ಕಿರಿದಾಗಿದೆ ಎಂದು ಕೇಳುತ್ತಿದ್ದಳು. ಎರಡು ವರ್ಷ ದಾಟಿದ ಮೇಲೆ ಕ್ಲಿಪ್ ಬಿಚ್ಚಿದೆ. ಹಲ್ಲು ಮತ್ತೆ ಜರುಗದಂತೆ ಒಳಗಡೆ ಸಣ್ಣ ತಂತಿ ಅಂಟಿಸಿ ಕನ್ನಡಿ ಕೊಟ್ಟೆ. ಅವಳು ಮೊದಲು ನಗಲಿಲ್ಲ. ತುಟಿ ಮುಚ್ಚಿದಳು. ಗದ್ದ ನುಣ್ಣಗೆ ಇತ್ತು. ಆಮೇಲೆ ನಕ್ಕಳು.

ಈಗ ಅವಳಿಗೆ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ತಯಾರಾದ ಭಾಗಗಳನ್ನು ಅಳೆದು ಪಾಸು ಮಾಡುವ ವಿಭಾಗದಲ್ಲಿದ್ದಾಳೆ. ಚಿಕ್ಕವಳ ಹಲ್ಲುಗಳೂ ಒಂದನ್ನೂ ಕೀಳದೆ ಸಾಲಿಗೆ ಬಂದಿವೆ. ಹೋದ ತಿಂಗಳು ಇಬ್ಬರೂ ಚೆಕಪ್ಪಿಗೆ ಬಂದಿದ್ದರು, ಅಜ್ಜಿಯೂ ಜೊತೆಗಿದ್ದರು. ನಾನು ಒಳಗೆ ಕೈ ತೊಳೆಯುತ್ತಿದ್ದಾಗ ಹೊರಗೆ ಅಜ್ಜಿಯ ಗಟ್ಟಿ ದನಿ ಕೇಳಿಸಿತು. ಬೆಳ್ಳಾವಿಯಿಂದ ಮಗನನ್ನು ಕರೆತಂದಿದ್ದ ತಾಯಿಯೊಬ್ಬಳನ್ನು ಹಿಡಿದು ಕೂರಿಸಿಕೊಂಡಿದ್ದರು. ಮೊಮ್ಮಕ್ಕಳಿಬ್ಬರೂ ಎದುರಿಗೆ ಹಲ್ಲು ಬಿಟ್ಟುಕೊಂಡು ನಿಂತಿದ್ದರು.

"ಸರಿಯಾಗ್ ನೋಡವ್ವ. ಇವ್ರಲ್ಲಿ ಒಬ್ಳಿಗೆ ನಾಲ್ಕ್ ಹಲ್ ಕಿತ್ತವ್ರೆ. ಯಾರ್ಗೆ ಅಂತ ಹೇಳು ನೋಡನ?"

ಆಕೆ ತುಂಬ ಹೊತ್ತು ನೋಡಿ ಚಿಕ್ಕವಳ ಕಡೆ ಬೆರಳು ತೋರಿಸಿದಳು. ಅಜ್ಜಿ ತೊಡೆ ತಟ್ಟಿಕೊಂಡು ನಕ್ಕರು.