ಒರಿಜಿನಲ್ ತರ್ರಿ

ಹುಕ್ಕೇರಿಯಲ್ಲಿ ಸರ್ಕಾರದ ಗುತ್ತಿಗೆ ನರ್ಸ್ ಹುದ್ದೆಗೆ ನೇರ ಸಂದರ್ಶನವಿದೆ ಎಂದು ತಿಳಿದಾಗ ನಾನು ಗೋಕಾಕದ ಒಂದು ಖಾಸಗಿ ದವಾಖಾನೆಯಲ್ಲಿ ದುಡಿಯುತ್ತಿದ್ದೆ. ಬರುವವರು ಮೊದಲೇ ಫೋನ್ ಮಾಡಿ ತಿಳಿಸಬೇಕಿತ್ತು. ಊಟದ ಹೊತ್ತಿಗೆ ದವಾಖಾನೆಯ ಮೇಲಿನ ಬಯಲು ಗಚ್ಚಿ ಹತ್ತಿ, ಸಂದರ್ಶನ ನಡೆಸುವ ಕಚೇರಿಗೆ ಫೋನ್ ಹಚ್ಚಿದೆ.

"ಸೋಮವಾರ ಸಂದರ್ಶನಕ್ಕ ಬರ್ತೇನ್ರಿ ಮೇಡಮ್. ಏನೇನ್ ತರಬೇಕ್ರಿ?"

"ಎಸ್ಸೆಸ್ಸೆಲ್ಸಿ, ನರ್ಸಿಂಗ್ ಮಾರ್ಕ್ಸ್ ಕಾರ್ಡ್, ಕೌನ್ಸಿಲ್ ನೋಂದಣಿ, ಜಾತಿ ಸರ್ಟಿಫಿಕೇಟು, ಆಧಾರ್, ಫೋಟೋ. ಒಂದ್ ಸೆಟ್ ಝೆರಾಕ್ಸ್. ಒರಿಜಿನಲ್ ಬೇಕ ಬೇಕ್ರಿ, ಇಲ್ಲಂದ್ರ ಒಳಗ ಬಿಡಂಗಿಲ್ಲ."

ನನ್ನ ಒರಿಜಿನಲ್‌ಗಳು ನನ್ನ ಬಳಿ ಇರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಡಾಕ್ಟರು ಅವನ್ನು ಇಸಿದುಕೊಂಡು ತಮ್ಮ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. ಸಣ್ಣ ದವಾಖಾನೆಗಳಲ್ಲಿ ಇದು ರೂಢಿ. ಹುಡುಗಿಯರು ನಡುವೆಯೇ ಬಿಟ್ಟು ಹೋಗಬಾರದಲ್ಲ! ಓದಿದವರು ನಾವು, ಕೀಲಿ ಮಾತ್ರ ಅವರದು.

ಸಂಜೆ ಅವರ ಕೋಣೆಗೆ ಹೋದೆ. "ಸರ್, ಬ್ಯಾಂಕಿನ್ಯಾಗ ನನ್ನ ಮಾರ್ಕ್ಸ್ ಕಾರ್ಡ್ ಕೇಳ್ಯಾರ್ರಿ," ಎಂದೆ.

ಅವರು ತಲೆ ಎತ್ತದೆಯೇ ನಕ್ಕರು. "ಬ್ಯಾಂಕಿಗೆ ಝೆರಾಕ್ಸ್ ಸಾಕವ್ವಾ. ಒರಿಜಿನಲ್ ಕೇಳೋದು ಇಂಟರ್‌ವ್ಯೂದಾಗ. ಹೋಗು, ಮುಂದಿನ ಪೇಷಂಟ್ ಕಳಸು."

ಕಳಿಸಿದೆ. ಮರುದಿನ ಮತ್ತೆ ಗಚ್ಚಿ ಹತ್ತಿ ಹುಕ್ಕೇರಿಗೆ ಫೋನ್ ಹಚ್ಚಿದೆ.

"ಮೇಡಮ್, ನಾ ಬರೂದ ಆಗಂಗಿಲ್ರಿ. ನನ್ನ ಹೆಸರು ತಗದ ಬಿಡ್ರಿ."

ಆಕೆ ಕಾರಣ ಕೇಳಲಿಲ್ಲ. "ನಿಮ್ಮವೂ ಡಾಕ್ಟರ ಕಪಾಟಿನ್ಯಾಗ ಅದಾವೇನ್ರಿ?" ಎಂದಳು.